ಅರೆಮುಚ್ಚಿದ ಕಣ್ಣು

ಟಿ. ದಾಸರಹಳ್ಳಿಯ ಬಂಧುಗಳ ಮನೆಯಲ್ಲಿ ಲಿಂಗೈಕ್ಯರಾದ ಅಜ್ಜಿಯವರ ಒಂದೇ ಒಂದು ಭಾವಚಿತ್ರವಿತ್ತು. ಅದರಲ್ಲಿ ಎಡಗಣ್ಣು ಅರೆಮುಚ್ಚಿತ್ತು. ಛಾಯಾಗ್ರಾಹಕನು ಮೂಲಚಿತ್ರವನ್ನು ಮುಟ್ಟದೆ, ಗಣಕಯಂತ್ರದಲ್ಲಿ ಅದರ ಪ್ರತಿ ತೆಗೆದು, ತೆರೆದ ಬಲಗಣ್ಣನ್ನು ರೆಪ್ಪೆಸಹಿತ ನಕಲು ಮಾಡಿ, ಕನ್ನಡಿಯ ಬಿಂಬದಂತೆ ತಿರುಗಿಸಿ ಎಡಗಣ್ಣಿನ ಸ್ಥಾನದಲ್ಲಿರಿಸಿದನು. ಅಜ್ಜಿಯವರು ಮೆಳ್ಳೆಗಣ್ಣಿನವರಂತೆ ಕಂಡರು! ಅವರ ನೋಟ ತುಸು ಪಕ್ಕಕ್ಕಿದ್ದುದೇ ಇದಕ್ಕೆ ಕಾರಣ. ತಿರುಗಿಸಿದಾಗ ಕಣ್ಣಪಾಪೆಯೂ ಅದರೊಳಗಣ ಬೆಳಕಿನ ಚುಕ್ಕೆಯೂ ಎದುರು ದಿಕ್ಕಿಗೆ ಸರಿದಿದ್ದವು. ಆಗ ಅವನು ರೆಪ್ಪೆಗಳನ್ನು ಹಾಗೆಯೇ ಉಳಿಸಿ, ಪಾಪೆಯನ್ನು ಮಾತ್ರ ತಿರುಗಿಸದೆ ತಂದಿಟ್ಟನು. ಎಡಗಡೆಯ ಹುಬ್ಬು, ಸುಕ್ಕುಗಳನ್ನು ಇದ್ದಂತೆಯೇ ಬಿಟ್ಟು, ಅಂಚುಗಳನ್ನು ಮೃದುವಾಗಿ ಬೆರೆಸಿದನು. ಎರಡು ಕಣ್ಣುಗಳ ನೋಟ ಒಂದಾಯಿತು. ಎರಡೂ ಕಣ್ಣು ಮುಚ್ಚಿದ್ದರೆ ಎರವಲು ಪಡೆಯಲು ಕಣ್ಣೇ ಇರದು. ಅಂಥ ಚಿತ್ರವನ್ನು ಇದ್ದಂತೆಯೇ ಇಡುವುದು ಲೇಸು.