ಗಾಡಿ ಚೀಟಿಯ ಮೂರು ಸಾಲು

ಸ್ಕೂಟರ್ ತಗೊಳ್ಳೋಕೆ ಕುಮಟೆಯ ಅಂಗಡಿಗೆ ಹೋದರೆ ಒಂದು ಬಣ್ಣದ ಚೀಟಿ ಕೊಡುತ್ತಾರೆ. ಮುಂದಿನ ಬದಿ ಗಾಡಿಯ ಚಿತ್ರ. ಹಿಂದಿನ ಬದಿ ಸಣ್ಣ ಅಕ್ಷರದ ಪಟ್ಟಿ. ಹೆಚ್ಚಾಗಿ ಅದು ಇಂಗ್ಲಿಷಿನಲ್ಲಿ ಇರುತ್ತದೆ. ಹಾಗಂತ ಚೀಟಿ ಮಡಚಿ ಚೀಲಕ್ಕೆ ಹಾಕಬೇಡಿ. ಅಂಕಿ ನಿಮಗೆ ಓದೋಕೆ ಬರುತ್ತದೆ. ಯಾವ ಸಾಲು ಯಾವುದು ಎಂದು ಅಂಗಡಿಯವರನ್ನೇ ಕೇಳಿ, ಪೆನ್ನಿನಲ್ಲಿ ಗುರುತು ಹಾಕಿಸಿಕೊಳ್ಳಿ.

ಆ ಪಟ್ಟಿಯಲ್ಲಿ ಮೂರು ಸಾಲು ಹುಡುಕಬೇಕು. ಪವರ್, ಟಾರ್ಕ್, ಕರ್ಬ್ ವೇಟ್. ಗಾಡಿ ರಸ್ತೆಯಲ್ಲಿ ಹೇಗೆ ನಡೆಯುತ್ತದೆ, ದೇವಿಮನೆ ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಈ ಮೂರರಲ್ಲಿ ಇದೆ.

ಕತಗಾಲದ ಕಡೆ ಕಾಣುವ ಎರಡು ಗಾಡಿ ತೆಗೆದುಕೊಳ್ಳೋಣ. ಒಂದು ಹೋಂಡಾ ಆಕ್ಟಿವಾ 6ಜಿ. ಇನ್ನೊಂದು ಟಿವಿಎಸ್ ಎಕ್ಸ್‌ಎಲ್ 100. 2020ರಲ್ಲಿ ಬಂದ ಆಕ್ಟಿವಾದ ಪವರ್ 7.79 ಪಿಎಸ್, ಟಾರ್ಕ್ 8.79 ಎನ್‌ಎಂ, ತೂಕ 107 ಕಿಲೋ. ಎಕ್ಸ್‌ಎಲ್‌ನ ಪವರ್ 4.35 ಪಿಎಸ್, ಟಾರ್ಕ್ 6.5 ಎನ್‌ಎಂ, ತೂಕ ಸುಮಾರು 88 ಕಿಲೋ. ಹೊಸ ಮಾದರಿ ಬಂದಾಗ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ನಿಮ್ಮ ಕೈಯಲ್ಲಿರುವ ಚೀಟಿಯನ್ನೇ ನಂಬಿ.

ಪವರ್ ಎಂದರೇನು?

ಬಾವಿಯಿಂದ ನೀರು ಸೇದೋದು ನಿಮಗೆ ಗೊತ್ತೇ ಇದೆ. ಕೊಡಪಾನ ತುಂಬಿದರೆ 15 ಕಿಲೋ ಎಂದುಕೊಳ್ಳಿ. ಬಾವಿಯ ಆಳ 10 ಮೀಟರ್. ನೀವು ಗಡಗಡೆ ಮೇಲೆ ಹಗ್ಗ ಎಳೆದು 20 ಸೆಕೆಂಡಿನಲ್ಲಿ ಕೊಡಪಾನ ಮೇಲೆ ತಂದಿರಿ. ನಿಮ್ಮ ಸೊಸೆ 15 ಸೆಕೆಂಡಿನಲ್ಲಿ ತಂದಳು. ಕೊಡಪಾನ ಅದೇ, ಬಾವಿ ಅದೇ, ಆದ ಕೆಲಸವೂ ಅಷ್ಟೇ. ಆದರೆ ಸೊಸೆ ಬೇಗ ಮಾಡಿದಳು. ಹಾಗಾಗಿ ಅವಳ ಪವರ್ ಹೆಚ್ಚು. ಎಷ್ಟು ಕೆಲಸ ಎಷ್ಟು ಹೊತ್ತಿನಲ್ಲಿ ಆಯಿತು ಅನ್ನೋದೇ ಪವರ್.

ಇದನ್ನು ಅಳೆಯೋಕೆ ಕುದುರೆ ಶಕ್ತಿ ಎಂಬ ಅಳತೆ ಇದೆ. ಚೀಟಿಯಲ್ಲಿ ಪಿಎಸ್ ಎಂದು ಬರೆಯೋದು ಅದನ್ನೇ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಅದು ಒಂದು ಕುದುರೆ ಶಕ್ತಿ. ಅಂದರೆ ಐದು ತುಂಬಿದ ಕೊಡಪಾನವನ್ನು ಒಂದೇ ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಬೇಕು. ಬಾವಿಯಲ್ಲಿ 20 ಸೆಕೆಂಡಿಗೆ ಸೇದಿದ ನಿಮ್ಮ ಶಕ್ತಿ ಒಂದು ಕುದುರೆಯ ಹತ್ತನೇ ಒಂದು ಪಾಲು.

ಕೆಲವು ಚೀಟಿಯಲ್ಲಿ ಪಿಎಸ್ ಇರುವುದಿಲ್ಲ, ಕಿಲೋವ್ಯಾಟ್ ಇರುತ್ತದೆ. ಆಕ್ಟಿವಾಕ್ಕೆ 5.73 ಕಿಲೋವ್ಯಾಟ್ ಎಂದೂ ಬರೆಯುತ್ತಾರೆ. 7.79 ಪಿಎಸ್, 5.73 ಕಿಲೋವ್ಯಾಟ್ ಎರಡೂ ಒಂದೇ. ಒಂದು ಕಿಲೋವ್ಯಾಟ್ ಎಂದರೆ 1.36 ಕುದುರೆ. ಒಂದು ಗಾಡಿಯ ಕಿಲೋವ್ಯಾಟನ್ನು ಇನ್ನೊಂದರ ಪಿಎಸ್ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಅಡಿಕೆಯನ್ನು ಕಿಲೋದಲ್ಲಿ ತೂಗಿ ಮಣದ ದರ ಹೇಳಿದ ಹಾಗೆ.

ಟಾರ್ಕ್ ಎಂದರೇನು?

ಟಾರ್ಕ್ ಎಂದರೆ ತಿರುಗಿಸುವ ಬಲ. ಬೀಸುಕಲ್ಲಿನ ಗೂಟ ಎಲ್ಲಿರುತ್ತದೆ? ಕಲ್ಲಿನ ಅಂಚಿನಲ್ಲಿ. ಗೂಟ ನಡುವಿನ ಹತ್ತಿರ ಇದ್ದರೆ ಕಲ್ಲು ತಿರುಗಿಸೋಕೆ ಪ್ರಾಣ ಹೋಗುತ್ತದೆ. ಕೈಯ ಬಲ ಅಷ್ಟೇ ಇದ್ದರೂ, ನಡುವಿನಿಂದ ಗೂಟ ದೂರ ಇದ್ದಷ್ಟೂ ತಿರುಗಿಸುವ ಬಲ ಹೆಚ್ಚು.

ಒಂದು ಮೀಟರ್ ಉದ್ದದ ಕೋಲಿನ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅಡ್ಡಕ್ಕೆ ಚಾಚಿ. ಇನ್ನೊಂದು ತುದಿಗೆ 900 ಗ್ರಾಂ ಬೆಲ್ಲ ತೂಗುಹಾಕಿ. ಕೋಲು ಕೆಳಗೆ ವಾಲದಂತೆ ಹಿಡಿಯೋಕೆ ನಿಮ್ಮ ಮಣಿಕಟ್ಟು ತಿರುಚಿ ನಿಲ್ಲಬೇಕಲ್ಲ, ಸುಮಾರು ಅಷ್ಟೇ ಆಕ್ಟಿವಾದ 8.79 ಎನ್‌ಎಂ. ಎಕ್ಸ್‌ಎಲ್‌ಗೆ ಬೆಲ್ಲ 650 ಗ್ರಾಂ ಸಾಕು. ಇಷ್ಟೇನಾ ಅನಿಸುತ್ತದೆ. ಆದರೆ ಎಂಜಿನ್ ಈ ಬಲದಿಂದ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಎಂಜಿನ್ನಿನ ಎಷ್ಟೋ ಸುತ್ತು ಸೇರಿ ಚಕ್ರದ ಒಂದು ಸುತ್ತು ಆಗುತ್ತದೆ. ಸುತ್ತು ಕಡಿಮೆಯಾದಷ್ಟೂ ಚಕ್ರದಲ್ಲಿ ಬಲ ಹೆಚ್ಚುತ್ತದೆ.

ಟಾರ್ಕಿನ ಪಕ್ಕದಲ್ಲಿ ಇನ್ನೊಂದು ಅಂಕಿ ಇದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಅದು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು. ಆಕ್ಟಿವಾದ ಪೂರ್ಣ ಟಾರ್ಕ್ ಬರೋದು 5250 ಸುತ್ತಿಗೆ. ಎಕ್ಸ್‌ಎಲ್‌ನದು 3500 ಸುತ್ತಿಗೇ ಬರುತ್ತದೆ. ಯಾಕೆ ಹೀಗೆ?

ಎಕ್ಸ್‌ಎಲ್‌ಗೆ ಇರೋದು ಒಂದೇ ಗೇರು. ಚಕ್ರ ನಿಧಾನ ಆದರೆ ಎಂಜಿನ್ನೂ ನಿಧಾನ ಆಗಲೇಬೇಕು. ಹಾಗಾಗಿ ಕಡಿಮೆ ಸುತ್ತಿನಲ್ಲೇ ಬಲ ಸಿಗುವಂತೆ ಅದನ್ನು ಮಾಡಿದ್ದಾರೆ. ಅಕ್ಕಿ ಚೀಲ ಇಟ್ಟುಕೊಂಡು ನಿಂತಲ್ಲಿಂದ ಹೊರಟಾಗ ಅದು ಕಿರುಚದೆ, ತಗ್ಗಿನ ಸ್ವರದಲ್ಲೇ ಮುಂದೆ ಹೋಗುತ್ತದೆ. ಆಕ್ಟಿವಾದಲ್ಲಿ ಗೇರಿನ ಬದಲು ಬೆಲ್ಟ್ ಇದೆ. ಬೆಲ್ಟ್ ಓಡುವ ಎರಡು ಗಾಲಿಗಳು ತಾವಾಗಿಯೇ ಅಗಲ ಆಗುತ್ತವೆ, ಕಿರಿದಾಗುತ್ತವೆ. ಏರು ಬಂದಾಗ ಚಕ್ರ ನಿಧಾನ ಆದರೂ ಎಂಜಿನ್ ಜೋರಾಗಿಯೇ ತಿರುಗುತ್ತಿರುತ್ತದೆ. ಅದಕ್ಕೇ ಸ್ಕೂಟರಿನಲ್ಲಿ ಎಕ್ಸಲೇಟರ್ ತಿರುವಿದರೆ ಮೊದಲು ಶಬ್ದ ಏರುತ್ತದೆ, ಆಮೇಲೆ ವೇಗ ಬರುತ್ತದೆ. ಅದು ಕೆಟ್ಟಿದೆ ಎಂದು ಹೆದರಬೇಡಿ, ಅದರ ರೀತಿಯೇ ಹಾಗೆ. ಆದರೆ ಶಬ್ದ ಮಾತ್ರ ಏರಿ, ಮೊದಲು ಬರುತ್ತಿದ್ದ ವೇಗ ಬಾರದಿದ್ದರೆ ಬೆಲ್ಟ್ ಸವೆದಿರಬಹುದು. ಮೆಕ್ಯಾನಿಕ್‌ಗೆ ತೋರಿಸಿ.

ಕರ್ಬ್ ವೇಟ್ ಎಂದರೇನು?

ಎಣ್ಣೆ, ಬ್ಯಾಟರಿ, ಪೆಟ್ರೋಲ್ ಎಲ್ಲಾ ಇದ್ದು, ಮೇಲೆ ಯಾರೂ ಕೂರದ ಗಾಡಿಯ ತೂಕ ಇದು. ಮಳೆಗಾಲದ ಕೆಸರಂಗಳದಲ್ಲಿ ಗಾಡಿ ತಳ್ಳುವಾಗ, ಸ್ಟ್ಯಾಂಡ್ ಹಾಕುವಾಗ, ಪೆಟ್ರೋಲ್ ಮುಗಿದು ನಡೆಸಿಕೊಂಡು ಬರುವಾಗ ಈ ತೂಕ ನಿಮ್ಮ ಕೈಗೆ ಗೊತ್ತಾಗುತ್ತದೆ. ಕೆಲವು ಕಡೆ ಪೆಟ್ರೋಲ್, ಎಣ್ಣೆ ಬಿಟ್ಟು ಬರೀ ಗಾಡಿಯ ತೂಕ ಬರೆಯುತ್ತಾರೆ. ಆಗ ಗಾಡಿ ಹಗುರ ಕಾಣುತ್ತದೆ. ಪೆಟ್ರೋಲ್ ಒಂದು ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ. ಯಾವ ತೂಕ ಎಂದು ಕೇಳಿ.

ಏರಿನಲ್ಲಿ ಎಂಜಿನ್ ಹೊರೋದು ಕರ್ಬ್ ವೇಟ್ ಒಂದನ್ನೇ ಅಲ್ಲ, ನಿಮ್ಮನ್ನೂ ಹೊರಬೇಕು.

ಈಗ ಲೆಕ್ಕ ಮಾಡೋಣ. ಅತ್ತಿಗೆ, ನಾದಿನಿ ಇಬ್ಬರೂ ಆಕ್ಟಿವಾದಲ್ಲಿ ಕತಗಾಲದಿಂದ ಶಿರಸಿಗೆ ಹೊರಟಿದ್ದಾರೆ. ಒಬ್ಬೊಬ್ಬರೂ 55 ಕಿಲೋ. ಕಾಲ ಬಳಿ 25 ಕಿಲೋದ ಚೀಲ. ಗಾಡಿ 107, ಜನ 110, ಚೀಲ 25. ಒಟ್ಟು 242 ಕಿಲೋ. ಗಾಡಿಗಿಂತ ಮೇಲೆ ಹೇರಿದ್ದೇ ಹೆಚ್ಚು ನೋಡಿ!

ಘಟ್ಟದಲ್ಲಿ 100 ಮೀಟರ್ ಹೋದರೆ 8 ಮೀಟರ್ ಮೇಲೇರುವ ಜಾಗ ಬಂತು ಎಂದುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗ. ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಹೆಚ್ಚು. ಪ್ರತಿ ಸೆಕೆಂಡಿಗೆ ಗಾಡಿ ಮೂರನೇ ಎರಡು ಪಾಲು ಮೀಟರ್ ಮೇಲೇರುತ್ತದೆ. 242 ಕಿಲೋವನ್ನು ಅಷ್ಟು ಎತ್ತೋದು, ಸುಮಾರು 160 ಕಿಲೋವನ್ನು ಒಂದು ಮೀಟರ್ ಎತ್ತಿದ್ದಕ್ಕೆ ಸಮ. 75ರಿಂದ ಭಾಗಿಸಿ. ಎರಡು ಕುದುರೆಗಿಂತ ಸ್ವಲ್ಪ ಹೆಚ್ಚು ಬಂತು. ಇದು ಬರೀ ಮೇಲೆತ್ತೋದಕ್ಕೆ. ಎದುರುಗಾಳಿ ಸೀಳಬೇಕು, ಟಯರ್ ಉರುಳಬೇಕು. ಅದಕ್ಕೆ ಹತ್ತಿರ ಹತ್ತಿರ ಇನ್ನೊಂದು ಕುದುರೆ ಬೇಕು.

ಚೀಟಿಯ 7.79 ಕುದುರೆ ಎಂಜಿನ್ನಿನಲ್ಲಿ ಅಳೆದದ್ದು. ಅದೂ ಹೊಸ ಎಂಜಿನ್ನು, 8000 ಸುತ್ತಿನಲ್ಲಿ, ಎಕ್ಸಲೇಟರ್ ಪೂರ್ತಿ ತಿರುವಿದಾಗ. ಬೆಲ್ಟ್ ದಾಟಿ ಚಕ್ರಕ್ಕೆ ಬರುವಾಗ ಒಂದಷ್ಟು ಕಳೆದುಹೋಗುತ್ತದೆ. ಆದರೂ ಮೂರು ಕುದುರೆಯ ಕೆಲಸಕ್ಕೆ ಸಾಕಷ್ಟು ಉಳಿಯುತ್ತದೆ. ಹಾಗಾಗಿ ಆಕ್ಟಿವಾ ಇಬ್ಬರನ್ನೂ ಚೀಲವನ್ನೂ ಹತ್ತಿಸುತ್ತದೆ.

ಅದೇ ಹೇರು ಎಕ್ಸ್‌ಎಲ್ ಮೇಲೆ ಇಟ್ಟರೆ? ಒಟ್ಟು 223 ಕಿಲೋ. ಮೇಲೆತ್ತೋದಕ್ಕೇ ಎರಡು ಕುದುರೆ ಬೇಕು, ಗಾಳಿ ಮತ್ತು ಟಯರಿನ ಪಾಲು ಬೇರೆ. 4.35 ಕುದುರೆ ಇದೆಯಲ್ಲ, ಸಾಕಲ್ಲ ಎನ್ನಬಹುದು. ಆದರೆ ಅಷ್ಟು ಬರೋದು 6000 ಸುತ್ತಿಗೆ. ಗಂಟೆಗೆ 30ರ ವೇಗದಲ್ಲಿ ಒಂದೇ ಗೇರಿನ ಎಂಜಿನ್ ಅಷ್ಟು ಸುತ್ತು ತಿರುಗೋದಿಲ್ಲ, ಸುಮಾರು ಅರ್ಧ ತಿರುಗುತ್ತದೆ. ಹಾಗಾಗಿ ಶಕ್ತಿ ಚೀಟಿಯಲ್ಲಿದ್ದರೂ ಏರಿನಲ್ಲಿ ಕೈಗೆ ಸಿಗೋದಿಲ್ಲ. ಎಕ್ಸಲೇಟರ್ ಪೂರ್ತಿ ತಿರುವಿದ್ದರೂ ವೇಗ ಇಳಿಯುತ್ತಲೇ ಹೋಗಿ, ಸ್ವರ ದಪ್ಪಗಾಗಿ ಗಾಡಿ ನಡುಗತೊಡಗಿದರೆ ಹೇರು ಮಿತಿ ಮೀರಿದೆ ಎಂದು ತಿಳಿಯಿರಿ. ಒಬ್ಬರು ಇಳಿಯಬೇಕು.

ಹಾಗಂತ ಎಕ್ಸ್‌ಎಲ್ ಕೀಳು ಗಾಡಿ ಅಲ್ಲ. ಒಬ್ಬರೇ ಕೂತು ಚೀಲ ಇಟ್ಟುಕೊಂಡು ತೋಟಕ್ಕೆ, ಸೊಸೈಟಿಗೆ, ಕುಮಟೆ ಪೇಟೆಗೆ ಸಪಾಟು ರಸ್ತೆಯಲ್ಲಿ ಹೋಗೋರಿಗೆ ಅದು ಒಳ್ಳೆಯದೇ. 19 ಕಿಲೋ ಹಗುರ ಇರೋದು ಅಂಗಳದಲ್ಲಿ ದಿನಾ ಉಪಯೋಗಕ್ಕೆ ಬರುತ್ತದೆ. ವಾರಕ್ಕೊಮ್ಮೆ ಇಬ್ಬರು ಘಟ್ಟ ಹತ್ತೋರಾದರೆ ಮಾತ್ರ ನನ್ನ ಮತ ಆಕ್ಟಿವಾದಂಥ ಗಾಡಿಗೆ.

ಬೇರೆ ಯಾವ ಗಾಡಿ ನೋಡಿದರೂ ಸುಲಭದ ಲೆಕ್ಕ ಇದು. ಗಾಡಿ, ಜನ, ಚೀಲ ಕೂಡಿಸಿ. ನೂರು ಕಿಲೋಗೆ ಎಷ್ಟು ಕುದುರೆ ಬಿತ್ತು ನೋಡಿ. ಮೇಲಿನ ಲೆಕ್ಕದಲ್ಲಿ ಆಕ್ಟಿವಾಕ್ಕೆ ನೂರು ಕಿಲೋಗೆ 3.2 ಕುದುರೆ, ಎಕ್ಸ್‌ಎಲ್‌ಗೆ ಎರಡಕ್ಕೂ ಸ್ವಲ್ಪ ಕಡಿಮೆ. ಎಕ್ಸ್‌ಎಲ್ ಮೇಲೆ ಒಬ್ಬರೇ ಕೂತರೆ ಅದೂ 3 ಆಗುತ್ತದೆ.

ಇಳಿಯುವಾಗ ಇದೇ ತೂಕ ಹಿಂದಿನಿಂದ ದೂಡುತ್ತದೆ. ಆ 242 ಕಿಲೋ ನಿಲ್ಲೋಕೆ ಒಬ್ಬರೇ ಇದ್ದಾಗಿಗಿಂತ ಹೆಚ್ಚು ಜಾಗ ಬೇಕು, ಮಳೆಯಲ್ಲಿ ಇನ್ನೂ ಹೆಚ್ಚು. ಬ್ರೇಕ್ ಒತ್ತಿ ಹಿಡಿದೇ ಇದ್ದರೆ ಕಾದು ಹಿಡಿತ ತಪ್ಪುತ್ತದೆ. ಪೆಟ್ರೋಲ್ ಉಳಿಸೋಕೆ ಎಂಜಿನ್ ಬಂದ್ ಮಾಡಿ ಇಳಿಯೋರು ಇದ್ದಾರೆ. ಎಂಜಿನ್ ಚಾಲೂ ಇದ್ದು ಎಕ್ಸಲೇಟರ್ ಬಿಟ್ಟಾಗ ಅದೇ ಗಾಡಿಯನ್ನು ಸ್ವಲ್ಪ ತಡೆಯುತ್ತದೆ. ಆ ತಡೆ ಕಳೆದುಕೊಳ್ಳಬೇಡಿ.

ಕರೆಂಟಿನ ಸ್ಕೂಟರ್ ಚೀಟಿ ನೋಡಿದರೆ ಟಾರ್ಕ್ 140 ಎಂದು ಕಂಡೀತು. ಆಕ್ಟಿವಾದ 8.79ರ ಮುಂದೆ ಇದೇನು ರಾಕ್ಷಸ ಗಾಡಿಯೇ? ಅಲ್ಲ. ಕೆಲವರು ಚಕ್ರದಲ್ಲಿ ಅಳೆದ ಟಾರ್ಕ್ ಬರೆಯುತ್ತಾರೆ. ಪೆಟ್ರೋಲ್ ಗಾಡಿಯದ್ದು ಎಂಜಿನ್ನಿನಲ್ಲಿ ಅಳೆದದ್ದು, ಚಕ್ರಕ್ಕೆ ಬರುವಾಗ ಅದೂ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಕರೆಂಟಿನ ಗಾಡಿಯ ಗುಣ ಬೇರೆ. ನಿಂತಲ್ಲಿಂದಲೇ ಅದಕ್ಕೆ ಹೆಚ್ಚಿನ ಬಲ ಇರುತ್ತದೆ, ಸುತ್ತು ಏರುವ ತನಕ ಕಾಯಬೇಕಿಲ್ಲ. ಅದರ ಪವರ್ ಸಾಲಿನಲ್ಲಿ ಕೆಲವೊಮ್ಮೆ ಎರಡು ಅಂಕಿ ಇರುತ್ತದೆ. ದೊಡ್ಡದು ಸ್ವಲ್ಪ ಹೊತ್ತಿಗೆ ಮಾತ್ರ, ಚಿಕ್ಕದು ಬಹಳ ಹೊತ್ತು ಕೊಡುವಂಥದ್ದು. ಘಟ್ಟದ ಉದ್ದದ ಏರಿಗೆ ಚಿಕ್ಕ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿ.

ಅಂಗಡಿಯವರು ಓಡಿಸಿ ನೋಡೋಕೆ ಗಾಡಿ ಕೊಟ್ಟರೆ ಒಬ್ಬರೇ ಸಪಾಟು ರಸ್ತೆಯಲ್ಲಿ ಸುತ್ತಿ ಬರಬೇಡಿ. ಯಾರು ಹಿಂದೆ ಕೂರುವವರೋ ಅವರನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿ. ಏರಿನ ನಡುವೆ ನಿಲ್ಲಿಸಿ, ಬ್ರೇಕ್ ಹಿಡಿದು, ಮತ್ತೆ ಹೊರಡಿಸಿ ನೋಡಿ.