ಮಂಡಕ್ಕಿಯ ತೂಕ, ಡಬ್ಬಿಯ ಬಾಡಿಗೆ

ದಾವಣಗೆರೆಯಿಂದ ದೆಹಲಿಯ ಮಗಳಿಗೆ ತಾಯಿಯೊಬ್ಬರು ತಿಂಡಿ ಕಳಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಒಂದೂವರೆ ಕೆಜಿ ಮಂಡಕ್ಕಿ, ಎರಡು ಕೆಜಿ ಬೆಲ್ಲ, ಅರ್ಧ ಕೆಜಿ ಶೇಂಗಾ ಚಟ್ನಿಪುಡಿ. ಅಟ್ಟದ ಮೇಲಿದ್ದ ಮಿಕ್ಸಿಯ ಹಳೇ ರಟ್ಟಿನ ಡಬ್ಬಿಯಲ್ಲಿ ಎಲ್ಲವನ್ನೂ ಇಟ್ಟು, ಖಾಲಿ ಉಳಿದ ಜಾಗಕ್ಕೆ ಪೇಪರ್ ತುರುಕಿ, ಟೇಪ್ ಸುತ್ತಿ ಕೊರಿಯರ್ ಅಂಗಡಿಗೆ ಒಯ್ದರು. ತಕ್ಕಡಿ ನಾಲ್ಕೂವರೆ ಕೆಜಿ ತೋರಿಸಿತು. ಅಂಗಡಿಯ ಹುಡುಗ ಟೇಪು ಹಿಡಿದು ಡಬ್ಬಿ ಅಳೆದು, ಒಂಬತ್ತೂವರೆ ಕೆಜಿಯ ರೇಟು ಹೇಳಿದ.

“ತೂಕ ನಾಲ್ಕೂವರೇನೇ ಐತಲ್ಲಪ್ಪಾ?”

“ತೂಕ ಅಷ್ಟೇ ಐತ್ರಿ ಅಮ್ಮಾರೆ, ಡಬ್ಬಿ ದೊಡ್ಡದೈತಿ.”

ಹುಡುಗ ಮೋಸ ಮಾಡುತ್ತಿಲ್ಲ. ಲಾರಿಯಾಗಲಿ ವಿಮಾನವಾಗಲಿ, ಭಾರ ಮುಗಿಯುವ ಮೊದಲೇ ಅದರೊಳಗಿನ ಜಾಗ ಮುಗಿದುಹೋಗಬಹುದು. ಲಾರಿ ತುಂಬ ಮಂಡಕ್ಕಿ ಹೇರಿ ಬರೀ ತೂಕಕ್ಕೆ ಬಾಡಿಗೆ ಕೇಳಿದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಅದಕ್ಕೇ ಕೊರಿಯರ್‌ನವರು ಪ್ರತಿ ಪಾರ್ಸೆಲ್‌ಗೂ ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿ ತೋರಿಸುವುದು. ಇನ್ನೊಂದು ಡಬ್ಬಿ ಹಿಡಿಯುವ ಜಾಗದಿಂದ ಲೆಕ್ಕ ಹಾಕುವುದು. ಕೌಂಟರಿನ ಭಾಷೆಯಲ್ಲಿ ಇದು ‘ವಾಲ್ಯೂಮೆಟ್ರಿಕ್ ವೆಯ್ಟ್’. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು.

ಲೆಕ್ಕ ಸುಲಭ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕೆಜಿ ಸಿಗುತ್ತದೆ. ಮಿಕ್ಸಿ ಡಬ್ಬಿಯ ಅಳತೆ 45, 35, 30 ಸೆಂ.ಮೀ. ಗುಣಿಸಿದರೆ 47,250, ಭಾಗಿಸಿದರೆ 9.45. ಹೆಚ್ಚಿನವರು ಅದನ್ನು ಮುಂದಿನ ಅರ್ಧ ಕೆಜಿಗೆ ಏರಿಸುತ್ತಾರೆ. ಹಾಗಾಗಿ ಒಂಬತ್ತೂವರೆ.

ಈ 5000ದ ಅರ್ಥ, ಐದು ಲೀಟರ್ ಜಾಗವನ್ನು ಒಂದು ಕೆಜಿ ಎಂದು ಹಿಡಿಯುವುದು. ಅಂದರೆ ಲೀಟರಿಗೆ 200 ಗ್ರಾಂ. ಅಡುಗೆಮನೆಯ ಲೀಟರ್ ಪಾತ್ರೆಯಲ್ಲೇ ಇದನ್ನು ಪರೀಕ್ಷಿಸಬಹುದು. ಪಾತ್ರೆ ತುಂಬಿದ ಮಂಡಕ್ಕಿ ನೂರು ಗ್ರಾಂನ ಆಸುಪಾಸು ತೂಗುತ್ತದೆ, ಆದ್ದರಿಂದ ಅದಕ್ಕೆ ಯಾವತ್ತೂ ಜಾಗದ ಲೆಕ್ಕವೇ. ಬೆಲ್ಲ ಅದಕ್ಕಿಂತ ಎಷ್ಟೋ ಪಾಲು ಭಾರ, ಅದಕ್ಕೆ ತಕ್ಕಡಿಯ ಲೆಕ್ಕ. ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು, ಬೆಲ್ಲವನ್ನು ತೂಗಿ ಮಾರುವ ಊರಿನವರಿಗೆ ಇದು ಹೊಸ ವಿಚಾರವೇನಲ್ಲ.

ಎಲ್ಲ ಕಡೆ ಇದೇ 5000 ಇರುವುದಿಲ್ಲ. ವಿಮಾನದ ಕಾರ್ಗೋದಲ್ಲಿ 6000ದಿಂದ ಭಾಗಿಸುವ ರೂಢಿಯಿದೆ, ರಸ್ತೆ ಸಾಗಣೆಯ ಕೆಲವರು 4500 ಅಥವಾ 4000 ಹಿಡಿಯುತ್ತಾರೆ. ಭಾಜಕ ಕಡಿಮೆಯಾದಷ್ಟೂ ತೂಕ ಹೆಚ್ಚುತ್ತದೆ. ಕೆಜಿಗೆ ಎಷ್ಟು ಎಂದು ಕೇಳುವಾಗಲೇ ಎಷ್ಟರಿಂದ ಭಾಗಿಸುತ್ತೀರಿ ಎಂದೂ ಕೇಳದಿದ್ದರೆ, ಅಗ್ಗವಾಗಿ ಕಂಡ ರೇಟು ಕೊನೆಗೆ ದುಬಾರಿಯಾಗಬಹುದು. ಅಮೆರಿಕದಲ್ಲಿ ಫೆಡೆಕ್ಸ್ ಮತ್ತು ಯುಪಿಎಸ್ ಕಂಪನಿಗಳ ರಸ್ತೆ ಸಾಗಣೆಯಲ್ಲಿ ಮೂರು ಘನ ಅಡಿಗಿಂತ ಚಿಕ್ಕ ಡಬ್ಬಿಗಳಿಗೆ ಮೊದಲು ಈ ಲೆಕ್ಕ ಇರಲಿಲ್ಲ. 2015ರ ಹೊತ್ತಿಗೆ ಎರಡೂ ಕಂಪನಿಗಳು ಅವಕ್ಕೂ ಅದನ್ನು ಹಚ್ಚಿದವು.

ಇತ್ತ ದಾವಣಗೆರೆಯ ತಾಯಿ ಡಬ್ಬಿಯನ್ನು ಮನೆಗೆ ವಾಪಸ್ ತಂದರು. ಸಾಮಾನು ಅದೇ, ಡಬ್ಬಿಯೂ ಅದೇ. ನಾಲ್ಕೂ ಮೂಲೆಗಳನ್ನು ಮೇಲಿನಿಂದ ಹದಿನೈದು ಸೆಂ.ಮೀ. ಸೀಳಿ, ಸ್ಕೇಲಿಟ್ಟು ಚಾಕುವಿನ ಬೆನ್ನಿನಿಂದ ಗೆರೆ ಒತ್ತಿ, ಗೋಡೆಗಳನ್ನು ಒಳಕ್ಕೆ ಮಡಚಿದರು. ಉಳಿದ ರಟ್ಟು ಕತ್ತರಿಸಿ ತೆಗೆದರು. ಬೆಲ್ಲ ತಳಕ್ಕೆ, ಅದರ ಪಕ್ಕ ಪುಡಿ, ಸುತ್ತಲೂ ಮೇಲೂ ಮಂಡಕ್ಕಿ ಪೊಟ್ಟಣಗಳು. ಬೆಲ್ಲದ ಉಂಡೆ ಮೇಲಿದ್ದಿದ್ದರೆ ಮಂಡಕ್ಕಿ ದೆಹಲಿಗೆ ಪುಡಿಯಾಗಿ ತಲುಪುತ್ತಿತ್ತು. ಹೀಗಿಟ್ಟಾಗ ಮಂಡಕ್ಕಿಯೇ ಮೆತ್ತೆಯಾಯಿತು, ತುರುಕಿದ್ದ ಪೇಪರ್ ಬೇಡವಾಯಿತು. ಈಗ ಎತ್ತರ 15 ಸೆಂ.ಮೀ., ಲೆಕ್ಕದ ತೂಕ 4.73 ಕೆಜಿ, ತಕ್ಕಡಿಯಲ್ಲಿ 4.4. ಬಿಲ್ಲು ಐದು ಕೆಜಿಗೆ.

ಮಂಡಕ್ಕಿಗೇ ಒಂದು ಡಬ್ಬಿ, ಬೆಲ್ಲ ಮತ್ತು ಪುಡಿಗೆ ಇನ್ನೊಂದು ಮಾಡಿದ್ದರೆ? ಮಂಡಕ್ಕಿ ಡಬ್ಬಿ 30, 30, 20 ಸೆಂ.ಮೀ. ಆದರೂ 3.6 ಕೆಜಿ, ಬಿಲ್ಲಿನಲ್ಲಿ ನಾಲ್ಕು. ಬೆಲ್ಲದ ಪುಟ್ಟ ಡಬ್ಬಿ ತಕ್ಕಡಿಯಲ್ಲಿ 2.7, ಬಿಲ್ಲಿನಲ್ಲಿ ಮೂರು. ಒಟ್ಟು ಏಳು ಕೆಜಿ. ಹಗುರವೂ ಭಾರವೂ ಒಂದೇ ಡಬ್ಬಿಯಲ್ಲಿ ಹೋದಾಗ ಎರಡು ತೂಕಗಳೂ ಹತ್ತಿರ ಬರುತ್ತವೆ. ಬೇರೆಯಾದರೆ ಎರಡು ಕಡೆಯೂ ದೊಡ್ಡ ಅಂಕಿಗೇ ದುಡ್ಡು ತೆರಬೇಕು.

ಮೆತ್ತೆಯ ಖರ್ಚು ಬಬಲ್ ರ‍್ಯಾಪಿನ ಬೆಲೆಯಲ್ಲಷ್ಟೇ ಇರುವುದಿಲ್ಲ. 20, 15, 10 ಸೆಂ.ಮೀ. ವಸ್ತುವಿಗೆ ಎಲ್ಲ ಬದಿಗೂ ಎರಡೆರಡು ಸೆಂ.ಮೀ. ಸುತ್ತಿದರೆ ಅಳತೆ 24, 19, 14 ಆಗುತ್ತದೆ, ಜಾಗ ಎರಡು ಪಟ್ಟನ್ನೂ ಮೀರುತ್ತದೆ. ಗಾಜಿನ ಬಾಟಲಿಯ ಉಪ್ಪಿನಕಾಯಿಗೆ ಇಷ್ಟು ಮೆತ್ತೆ ಬೇಕೇ ಬೇಕು. ಅದನ್ನೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಿಸಿದರೆ ಮೆತ್ತೆಯ ಬಹುಪಾಲು ಉಳಿಯುತ್ತದೆ.

ಇನ್ನು ವೇಗ. ಲೆಕ್ಕಕ್ಕೆಂದು ಒಂದು ದರ ಹಿಡಿಯೋಣ: ರಸ್ತೆಯಲ್ಲಿ ಮೊದಲ ಕೆಜಿಗೆ 80 ರೂಪಾಯಿ, ಮುಂದಿನ ಪ್ರತಿ ಅರ್ಧ ಕೆಜಿಗೆ 25, ವಿಮಾನದಲ್ಲಿ ಮೊದಲ ಅರ್ಧ ಕೆಜಿಗೆ 90, ಆಮೇಲೆ ಪ್ರತಿ ಅರ್ಧಕ್ಕೆ 80. ಐದು ಕೆಜಿಗೆ ರಸ್ತೆಯಲ್ಲಿ 280, ವಿಮಾನದಲ್ಲಿ 810. ಇದರ ಮೇಲೆ ಇಂಧನದ ಹೆಚ್ಚುವರಿ, ಅದನ್ನು ಶೇ. 20 ಎನ್ನೋಣ, ಆ ಒಟ್ಟಿನ ಮೇಲೆ ಶೇ. 18 ಜಿಎಸ್‌ಟಿ. ಕೊನೆಯ ಬಿಲ್ಲು ರಸ್ತೆಗೆ ಸುಮಾರು 396 ರೂಪಾಯಿ, ವಿಮಾನಕ್ಕೆ 1,147. ಮೊದಲು ತಂದ ದೊಡ್ಡ ಡಬ್ಬಿ ರಸ್ತೆಯಲ್ಲಿ ಹೋಗಿದ್ದರೂ 715 ಆಗುತ್ತಿತ್ತು.

ವಿಮಾನದ ದುಡ್ಡು ಕೊಟ್ಟರೂ ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಪಾರ್ಸೆಲ್ ಮೊದಲು ವ್ಯಾನು ಹತ್ತಿ ಬೆಂಗಳೂರಿನಂಥ ಊರಿಗೆ ಹೋಗಿ, ಅಲ್ಲಿ ವಿಂಗಡಣೆಗೆ ಕಾದು, ನಂತರ ಹಾರಬೇಕು. ದೆಹಲಿಯಷ್ಟು ದೂರಕ್ಕೆ ಹೀಗೂ ಕೆಲವು ದಿನ ಉಳಿಯುತ್ತವೆ. ದಾವಣಗೆರೆಯಿಂದ ಬೆಂಗಳೂರಿಗೇ ಕಳಿಸುವುದಾದರೆ ಎರಡೂ ರೇಟಿನ ಪಾರ್ಸೆಲ್‌ಗಳು ರಸ್ತೆಯಲ್ಲೇ ಹೋಗುವುದರಿಂದ, ಎಷ್ಟು ದಿನ ಎಂದು ಎರಡಕ್ಕೂ ಕೇಳಿ ನೋಡುವುದು ಲೇಸು.

ಮನೆಯ ಅಂದಾಜು ಹೆಚ್ಚಾಗಿ ತಪ್ಪುವುದು ಡಬ್ಬಿಯ ಹೊಟ್ಟೆಯಲ್ಲಿ. ಗಾಳಿ ತುಂಬಿದ ಮಂಡಕ್ಕಿ ಪೊಟ್ಟಣ ಒಳಗಿನಿಂದ ಒತ್ತಿ ಮುಚ್ಚಳ ಎರಡು ಸೆಂ.ಮೀ. ಉಬ್ಬಿದರೆ, ದೊಡ್ಡ ಕೇಂದ್ರಗಳ ಯಂತ್ರ 15ರ ಬದಲು 17 ಎಂದು ಅಳೆಯುತ್ತದೆ. 4.73 ಇದ್ದದ್ದು 5.36 ಆಗಿ, ಐದೂವರೆ ಕೆಜಿಯ ಬಿಲ್ಲು ಬರುತ್ತದೆ. ಡಬ್ಬಿಯ ಮೇಲೆ ಅಂಗೈ ಆಡಿಸಿದರೆ ಉಬ್ಬು ಗೊತ್ತಾಗುತ್ತದೆ. ಪೊಟ್ಟಣಕ್ಕೆ ಸೂಜಿ ಚುಚ್ಚಿದರೆ ಮಂಡಕ್ಕಿ ಮೆತ್ತಗಾದೀತು, ಗಾಳಿ ಒತ್ತಿ ಹೊರಹಾಕಿಯೇ ಬಾಯಿ ಕಟ್ಟಬೇಕು. ಟೇಪು ಹಿಡಿದಾಗ ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ತಕರಾರು ಬಂದಾಗ ತೋರಿಸಲು ಆಗುತ್ತದೆ.

ದೆಹಲಿಯಲ್ಲೂ ‘ಮುರ್ಮುರಾ’ ಎಂಬ ಹೆಸರಿನಲ್ಲಿ ಮಂಡಕ್ಕಿ ಸಿಗುತ್ತದೆ. ಅದನ್ನು ಬಿಟ್ಟು ಬೆಲ್ಲ, ಪುಡಿ ಮಾತ್ರ ಕಳಿಸಿದ್ದರೆ ಇದೇ ದರದಲ್ಲಿ 255 ರೂಪಾಯಿ ಸಾಕಿತ್ತು. ಅಂದರೆ ಈ ಡಬ್ಬಿಯಲ್ಲಿ ಒಂದೂವರೆ ಕೆಜಿ ಮಂಡಕ್ಕಿಯ ಪಾಲಿನ ಬಾಡಿಗೆ ಸುಮಾರು 141 ರೂಪಾಯಿ. ತಾಯಿ ಅದನ್ನೂ ಲೆಕ್ಕ ಹಾಕಿ ನೋಡಿದರು, ಮಂಡಕ್ಕಿಯನ್ನು ಮಾತ್ರ ಹೊರಗೆ ತೆಗೆಯಲಿಲ್ಲ.