ಹಿತ್ತಲ ನೀರಿಗೆ ಗೇಟಿನ ಲೆಕ್ಕ

ಮಳೆ ಬಿಟ್ಟು ಅರ್ಧ ದಿನವಾದರೂ ಅಡುಗೆಮನೆಯ ಹಿಂದಿನ ಗೋಡೆಯ ಬುಡದಲ್ಲಿ ನೀರು ನಿಂತೇ ಇದ್ದರೆ, ಹೆಚ್ಚಿನವರು ಗಾರೆಯವರನ್ನು ಕರೆಸಿ ಆ ತಗ್ಗಿಗೆ ಒಂದಿಷ್ಟು ಸಿಮೆಂಟು ಹಾಕಿಸುತ್ತಾರೆ. ಮುಂದಿನ ಮಳೆಗೆ ನೀರು ಅಲ್ಲಿಂದ ಸರಿದು ಪಕ್ಕದ ಓಣಿಯಲ್ಲಿ ನಿಲ್ಲುತ್ತದೆ. ಅಲ್ಲಿಗೂ ಸಿಮೆಂಟು ಬೀಳುತ್ತದೆ. ಹೀಗೆ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮನೆಯ ಸುತ್ತ ತೇಪೆಗಳೇ ತುಂಬಿರುತ್ತವೆ, ನೀರು ಮಾತ್ರ ಹೊರಗೆ ಹೋಗಿರುವುದಿಲ್ಲ. ಹಿತ್ತಲಲ್ಲಿ ನಿಂತ ನೀರಿಗೆ ಕಾರಣ ಹಿತ್ತಲಲ್ಲೇ ಇರಬೇಕೆಂದಿಲ್ಲ. ನೀರು ಕೊನೆಗೆ ಎಲ್ಲಿ ಹೊರಬೀಳುತ್ತದೋ ಅಲ್ಲಿಂದ ಹಿಂದಕ್ಕೆ ಅಳೆದುಕೊಂಡು ಬಂದರೆ ಮಾತ್ರ ಅದು ಸಿಗುತ್ತದೆ.

ಮೊದಲು ನೀರಿನ ಪ್ರಮಾಣ ನೋಡೋಣ. 30×40 ಅಡಿಯ ನಿವೇಶನದ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಅದರಲ್ಲಿ ದೊಡ್ಡ ಪಾಲು ತಾರಸಿಯಿಂದ ಪೈಪುಗಳ ಮೂಲಕ ಇಳಿಯುತ್ತದೆ, ಆ ಪೈಪುಗಳ ಬಾಯಿ ಇರುವುದು ಗೋಡೆಯ ಬುಡದಲ್ಲೇ. ಇನ್ನು ಆ ಬುಡದ ಮಣ್ಣಿನ ಸ್ಥಿತಿ ನೋಡಿ. ಪಾಯ ಹಾಕುವಾಗ ಗೋಡೆಯ ಅಗಲಕ್ಕಿಂತ ಹೆಚ್ಚಾಗಿ ಅಗೆದು, ಕಟ್ಟಡ ಮೇಲೆದ್ದ ಮೇಲೆ ಆ ಸಂದಿಗೆ ಸಡಿಲ ಮಣ್ಣನ್ನೂ ಇಟ್ಟಿಗೆ ಚೂರನ್ನೂ ತುಂಬಿರುತ್ತಾರೆ. ಸರಿಯಾಗಿ ನೀರು ಹಾಕಿ ದಿಮ್ಮಿಸದಿದ್ದರೆ ಮೊದಲ ಒಂದೆರಡು ಮಳೆಗಾಲದಲ್ಲಿ ಆ ಮಣ್ಣು ಕುಸಿಯುತ್ತದೆ. ಕಾಂಪೌಂಡಿನ ಕಡೆಯ ಗಟ್ಟಿ ನೆಲ ಇದ್ದಲ್ಲೇ ಇರುತ್ತದೆ. ಹೊಸದರಲ್ಲಿ ಹೊರಗೆ ವಾಲಿದ್ದ ನೆಲಗಟ್ಟು ಈಗ ಗೋಡೆಯ ಕಡೆಗೆ ವಾಲುತ್ತದೆ. ಇಡೀ ಅಂಗಳದಲ್ಲಿ ನೀರು ನಿಲ್ಲಬಾರದ ಜಾಗ ಯಾವುದೋ ಅದೇ ಎಲ್ಲಕ್ಕಿಂತ ಬೇಗ ತಗ್ಗಾಗುವುದು ಹೀಗೆ.

ಗೋಡೆ ಇದರ ಸುಳಿವು ಕೊಡುತ್ತದೆ. ಹೊರಗಡೆ ನೆಲದಿಂದ ಒಂದಡಿವರೆಗೆ ಕೆಸರಿನ ಚುಕ್ಕೆಗಳಿದ್ದರೆ ಅದು ಹನಿ ಸಿಡಿದ ಗುರುತು. ಒಳಗಡೆ ಸ್ಕರ್ಟಿಂಗ್ ಮೇಲೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹೊರಬಂದು, ಬೆರಳಿಂದ ಕೆರೆದರೆ ಗಾರೆ ಪುಡಿಯಾದರೆ ನೀರು ಒಳಗೆ ಏರಿದೆ ಎಂದರ್ಥ. ಈ ತೇವ ಮಳೆಗಾಲದಲ್ಲಿ ಹೆಚ್ಚಾಗಿ ಬೇಸಿಗೆಯಲ್ಲಿ ಆರಿದರೆ ಅಂಗಳದ ನೀರನ್ನು ಸಂಶಯಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲೂ ಒಂದೇ ಕಡೆ ಒದ್ದೆಯಾಗಿದ್ದರೆ ಗೋಡೆಯೊಳಗಿನ ನಲ್ಲಿ ಪೈಪು ಸೋರುತ್ತಿರಬಹುದು. ಆಗ ಅಂಗಳ ಅಗೆದು ಪ್ರಯೋಜನವಿಲ್ಲ.

ನೆನಪಿಡಬೇಕಾದ ಅಳತೆಗಳು ಮೂರೇ. ಸಿಮೆಂಟು, ಕಲ್ಲು ಅಥವಾ ಟೈಲ್ಸ್ ಹಾಕಿದ ನೆಲ ಗೋಡೆಯಿಂದ ಹೊರಕ್ಕೆ ಅಡಿಗೆ ಕಾಲು ಇಂಚು ಇಳಿಯಬೇಕು. ಬರಿ ಮಣ್ಣಿನ ನೆಲವಾದರೆ ಅಡಿಗೆ ಅರ್ಧ ಇಂಚಿಗೂ ತುಸು ಹೆಚ್ಚು ಬೇಕು, ಏಕೆಂದರೆ ಮಣ್ಣಿನ ಮೇಲೆ ನೀರು ನಿಧಾನ ಹರಿಯುತ್ತದೆ, ಮಣ್ಣು ಮುಂದೆ ಕುಸಿಯುತ್ತದೆ ಕೂಡ. ಮೂರನೆಯದು, ಗೋಡೆಯ ಬುಡದಲ್ಲಿ ಹೊರನೆಲವು ಮನೆಯೊಳಗಿನ ನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ತೇವ ತಡೆಯಲು ಹಾಕುವ ಡಿಪಿಸಿ ಪದರ ಸಾಮಾನ್ಯವಾಗಿ ಒಳನೆಲದ ಮಟ್ಟಕ್ಕೆ ಹತ್ತಿರದಲ್ಲೇ ಇರುತ್ತದೆ. ಹೊರಗಿನ ನೆಲ ಅಷ್ಟು ಎತ್ತರಕ್ಕೆ ಬಂದುಬಿಟ್ಟರೆ ನೀರು ಆ ಪದರವನ್ನು ದಾಟಿ ನೇರ ಗೋಡೆಗೆ ಸೇರುತ್ತದೆ.

ಈ ಅಳತೆಗಳನ್ನು ಒಂದು ಮನೆಗೆ ಹಚ್ಚಿ ನೋಡೋಣ. ನಿವೇಶನ 30×40. ಮುಂದೆ 5 ಅಡಿ, ಉಳಿದ ಮೂರು ಕಡೆ 3 ಅಡಿ ಜಾಗ ಬಿಟ್ಟಿದ್ದಾರೆ. ಒಳನೆಲ ರಸ್ತೆಗಿಂತ 18 ಇಂಚು ಎತ್ತರದಲ್ಲಿದೆ. ಗೇಟು ಮುಂದಿನ ಬಲ ಮೂಲೆಯಲ್ಲಿದೆ. ನೀರು ಹಿಂದಿನ ಗೋಡೆಯ ನಡುಭಾಗದಲ್ಲಿ ನಿಲ್ಲುತ್ತಿದೆ.

ಕಣ್ಣಳತೆ ಇಲ್ಲಿ ಕೈಕೊಡುತ್ತದೆ, ಟ್ಯೂಬ್ ಲೆವೆಲ್ ಬೇಕು. ಬೆರಳು ಗಾತ್ರದ ಪಾರದರ್ಶಕ ಪೈಪಿಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿದರೆ ಎರಡು ತುದಿಯ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇದರ ಸಹಾಯದಿಂದ ಒಳನೆಲದ ಮಟ್ಟವನ್ನು ಹೊರಗೋಡೆಗೆ ಒಯ್ದು ಮನೆಯ ಸುತ್ತ ಒಂದೇ ಗೆರೆ ಹಾಕಬೇಕು. ಅದೇ ಮಟ್ಟವನ್ನು ಕಾಂಪೌಂಡಿನ ಮೇಲೂ ಗುರುತಿಸಬೇಕು. ಆಮೇಲೆ ಪ್ರತಿ ಐದು ಅಡಿಗೊಮ್ಮೆ ಗೆರೆಯಿಂದ ನೆಲಕ್ಕೆ ಟೇಪು ಹಿಡಿದು ಬರೆದುಕೊಳ್ಳುತ್ತ ಹೋಗುವುದು. ಸಂಖ್ಯೆ ದೊಡ್ಡದಾದಷ್ಟೂ ಆ ಜಾಗ ತಗ್ಗು.

ನಮ್ಮ ಮನೆಯಲ್ಲಿ ಹಿಂದಿನ ಗೋಡೆಯ ಬುಡದ ನಡುವೆ 9½ ಇಂಚು, ಆ ಗೋಡೆಯ ಎರಡು ಮೂಲೆಗಳಲ್ಲಿ 8¾, ಎದುರಿನ ಕಾಂಪೌಂಡಿನ ಬುಡದಲ್ಲಿ 8½ ಬಂತು ಎನ್ನಿ. ಅಂದರೆ ಗೋಡೆಗೆ ಅಂಟಿಕೊಂಡು ಮುಕ್ಕಾಲು ಇಂಚು ಆಳದ ಬಟ್ಟಲೇ ಆಗಿದೆ. ಬಲಗಡೆಯ ಓಣಿಗೆ ಬನ್ನಿ. ಅದರ ನಡುವೆ 10½, ಮುಂಭಾಗದ ತುದಿಯಲ್ಲಿ 9¾. ಗೇಟಿನ ಹತ್ತಿರ ಒಮ್ಮೆಲೇ 14. ರೋಗ ಇರುವುದು ಈ ಮುಂಭಾಗದ ತುದಿಯಲ್ಲಿ. ಯಾರೋ ಮುಂದಿನ ಅಂಗಳಕ್ಕೆ ಟೈಲ್ಸ್ ಹಾಕುವಾಗ ಓಣಿಯ ಬಾಯಲ್ಲಿ ದಿಣ್ಣೆ ಉಳಿಸಿದ್ದಾರೆ. ಹಿತ್ತಲಿನ ಬಟ್ಟಲನ್ನು ಮಾತ್ರ ತುಂಬಿದರೆ ನೀರು ಮೂಲೆ ತಿರುಗಿ ಓಣಿಯ ನಡುವಿಗೆ ಬಂದು, ಈ ದಿಣ್ಣೆಗೆ ತಡೆದು, ಅಲ್ಲಿನ ಗೋಡೆಯನ್ನು ನೆನೆಸುತ್ತದೆ.

ಆದ್ದರಿಂದ ಲೆಕ್ಕವನ್ನು ಗೇಟಿನ 14 ಇಂಚಿನಿಂದ ಶುರುಮಾಡಬೇಕು. ನೀರನ್ನು ಕಾಂಪೌಂಡಿನ ಬುಡಕ್ಕೆ ತಂದು, ಅದರ ಉದ್ದಕ್ಕೂ ಆಳವಿಲ್ಲದ ಕಾಲುವೆಯಲ್ಲಿ ಹರಿಸುವುದು ನಮ್ಮ ಯೋಜನೆ. ನಯವಾದ ಸಿಮೆಂಟು ಕಾಲುವೆಗೆ ಉದ್ದಕ್ಕೆ ಅಡಿಗೆ ಅರೆಕಾಲು ಇಂಚು, ಅಂದರೆ ಎಂಟನೇ ಒಂದು ಇಂಚು, ಇಳಿಜಾರು ಸಾಕು. ಹಿಂದಿನ ಎಡಮೂಲೆಯಿಂದ ಗೇಟಿನವರೆಗೆ ಒಂದೇ ದಾರಿಯಲ್ಲಿ ಹರಿಸಿದರೆ ಹಿಂದೆ 30, ಪಕ್ಕದಲ್ಲಿ 40, ಒಟ್ಟು 70 ಅಡಿ. ಅದಕ್ಕೆ 8¾ ಇಂಚು ಇಳಿತ ಬೇಕು. 14ರಲ್ಲಿ ಅದನ್ನು ಕಳೆದರೆ ಕಾಲುವೆ ಹಿಂದಿನ ಮೂಲೆಯಲ್ಲಿ 5¼ಕ್ಕೆ ಬರುತ್ತದೆ. ಅಲ್ಲಿಂದ ಗೋಡೆಯವರೆಗೆ 3 ಅಡಿಗೆ ಮುಕ್ಕಾಲು ಇಂಚು ಏರಿಸಿದರೆ ಉಳಿಯುವುದು 4½. ನಮಗೆ 6 ಬೇಕು, ಸಾಲದು.

ಅದಕ್ಕೇ ಹಿಂದಿನ ಅಂಗಳದ ನಡುವನ್ನು ಎತ್ತರ ಮಾಡಿ ನೀರನ್ನು ಎರಡು ಪಾಲು ಮಾಡಬೇಕು. ಆಗ ಪ್ರತಿ ಪಾಲಿಗೂ 15 ಮತ್ತು 40, ಒಟ್ಟು 55 ಅಡಿಯ ದಾರಿ. ಬೇಕಾದ ಇಳಿತ ಸುಮಾರು 7 ಇಂಚು. ಕಾಲುವೆ ಹಿಂದೆ ನಡುವಿನಲ್ಲಿ 7ಕ್ಕೆ ನಿಲ್ಲುತ್ತದೆ, ಗೋಡೆಯ ಬುಡ 6¼ಕ್ಕೆ. ಇಕ್ಕಟ್ಟಾದರೂ ಲೆಕ್ಕ ಕೂಡಿತು. ಬಲಪಾಲು ಗೇಟಿನಲ್ಲಿ ಹೊರಬೀಳುತ್ತದೆ. ಎಡಪಾಲಿಗೆ ಮುಂದಿನ ಎಡಮೂಲೆಯಲ್ಲಿ ಕಾಂಪೌಂಡಿನ ಬುಡಕ್ಕೆ ತೂತು ಹೊಡೆದು ನಾಲ್ಕಿಂಚಿನ ಪೈಪನ್ನು ರಸ್ತೆಬದಿಯ ಮಳೆಚರಂಡಿಗೆ ಬಿಡಬೇಕು. ಒಳಚರಂಡಿ ಚೇಂಬರ್ ಹತ್ತಿರದಲ್ಲೇ ಇದೆ ಎಂದು ಅದಕ್ಕೆ ಸೇರಿಸಬಾರದು. ಜೋರು ಮಳೆಯಲ್ಲಿ ಆ ಸಾಲು ತುಂಬಿಕೊಂಡರೆ ಕೊಳಚೆ ಬಚ್ಚಲಿನಿಂದ ಮನೆಯೊಳಗೇ ಉಕ್ಕುತ್ತದೆ.

ಕೆಲಸದ ಪಟ್ಟಿ ಈಗ ಸ್ಪಷ್ಟವಾಗಿದೆ. ಹಿತ್ತಲ ನಡುವಿನಲ್ಲಿ ಗೋಡೆಯ ಬುಡ ಮೂರು ಇಂಚಿಗೂ ಮೇಲೆ ಏರಬೇಕು. ಓಣಿಯ ಮುಂದಿನ ಬಾಯಲ್ಲಿ ಕಾಲುವೆ 13⅜ಕ್ಕೆ ಇಳಿಯಬೇಕು, ಅಂದರೆ ಅಲ್ಲಿನ ದಿಣ್ಣೆಯನ್ನು ಮೂರೂವರೆ ಇಂಚಿನಷ್ಟು ಒಡೆದು ತೆಗೆಯಬೇಕು. ನೀರು ಎಂದೂ ನಿಲ್ಲದ ಜಾಗದ ಒಳ್ಳೆಯ ಟೈಲ್ಸ್ ಒಡೆಯಲು ಮನೆಯವರು ಒಪ್ಪುವುದೇ ಕಷ್ಟ. ಆದರೆ ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಹಣ ದಂಡ. ಓಣಿಯಲ್ಲಿ ಚೇಂಬರ್ ಮುಚ್ಚಳಗಳಿದ್ದರೆ ಅವನ್ನೂ ಹೊಸ ಮಟ್ಟಕ್ಕೆ ತರಬೇಕು, ಕಾಲುವೆಯ ಗೆರೆಗೆ ಸಿಗದಂತೆ ನೋಡಿಕೊಳ್ಳಬೇಕು.

ಇಳಿಜಾರನ್ನು ಮೊದಲು ಮಣ್ಣಿಗೇ ಕೊಡಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಮಣ್ಣನ್ನು ಸಮತಟ್ಟಾಗಿ ಬಿಟ್ಟು, ಮೇಲಿನ ಗಾರೆಯನ್ನು ಗೋಡೆಯ ಕಡೆ ದಪ್ಪ, ಹೊರಗೆ ತೆಳು ಮಾಡಿ ಇಳಿಜಾರು ತೋರಿಸುವುದು ಎಲ್ಲೆಡೆ ನಡೆಯುವ ಕೆಲಸ. ತೆಳುವಾದ ಅಂಚು ಬೇಗ ಒಡೆಯುತ್ತದೆ. ಇಂಟರ್‌ಲಾಕ್ ಕಲ್ಲು ಹಾಕಿದಲ್ಲಂತೂ ಇದು ಇನ್ನೂ ಮುಖ್ಯ. ಕಲ್ಲಿನ ಸಂದಿಗಳಲ್ಲಿ ಇಳಿದ ನೀರು ಕೆಳಗಿನ ಮರಳಿನೊಳಗೆ ಹೋಗಿ, ಅದರ ತಳದ ಗಟ್ಟಿ ಮಣ್ಣಿನ ಮೇಲೆ ಹರಿಯುತ್ತದೆ. ಮೇಲೆ ಎಷ್ಟು ಚೆಂದದ ಇಳಿಜಾರಿದ್ದರೂ ಆ ತಳ ಗೋಡೆಯ ಕಡೆ ವಾಲಿದ್ದರೆ ನೀರು ಕಣ್ಣಿಗೆ ಬೀಳದೆ ಪಾಯ ಸೇರುತ್ತದೆ. ಹಾಗಾಗಿ ಕುಸಿದ ಜಾಗದ ಹಳೆಯ ನೆಲಗಟ್ಟನ್ನು ಕಿತ್ತು, ಸಡಿಲ ಮಣ್ಣು ತೆಗೆದು, ಆರಾರು ಇಂಚಿನ ಪದರದಲ್ಲಿ ಹದವಾಗಿ ನೀರು ಚಿಮುಕಿಸಿ ದಿಮ್ಮಿಸಬೇಕು. ನೆಲಗಟ್ಟು ಗೋಡೆಯನ್ನು ಮುಟ್ಟುವಲ್ಲಿ ಅರ್ಧ ಇಂಚಿನ ಸಂದಿ ಬಿಟ್ಟು, ಸಿಮೆಂಟಿನ ಬದಲು ಡಾಂಬರಿನಂಥ ಮೆದು ವಸ್ತು ತುಂಬಬೇಕು. ಮನೆ ಮತ್ತು ನೆಲಗಟ್ಟು ಒಟ್ಟಿಗೆ ಕೂರುವುದಿಲ್ಲ, ಸಿಮೆಂಟು ತುಂಬಿದ ಸಂದಿ ಬೇಗ ಬಿರುಕು ಬಿಡುತ್ತದೆ.

ಗಾರೆ ಹಸಿಯಿರುವಾಗಲೇ ಪರೀಕ್ಷಿಸಲು ಸುಲಭದ ದಾರಿಯಿದೆ. ನೇರವಾದ ನಾಲ್ಕಡಿ ಪಟ್ಟಿಯ ಒಂದು ತುದಿಯ ಕೆಳಗೆ ಒಂದು ಇಂಚಿನ ಮರದ ತುಂಡು ಕಟ್ಟಿ, ಆ ತುದಿಯನ್ನು ತಗ್ಗಿನ ಕಡೆ ಇಟ್ಟು, ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವೆ ನಿಂತರೆ ಇಳಿಜಾರು ಸರಿಯಾಗಿ ಅಡಿಗೆ ಕಾಲು ಇಂಚು. ಕೆಲಸ ಮುಗಿದು ಗಟ್ಟಿಯಾದ ಮೇಲೆ ಹಿತ್ತಲ ನಡುವಿನಲ್ಲಿ ಪೈಪು ಬಿಟ್ಟು ನೆಲವೆಲ್ಲ ನೆನೆಸಿ. ಅರ್ಧ ಗಂಟೆ ಕಳೆದ ಮೇಲೂ ನೀರು ನಿಂತಿರುವ ಕಡೆ ಸೀಮೆಸುಣ್ಣದಿಂದ ಸುತ್ತು ಹಾಕಿ, ಗಾರೆಯವರ ಬಾಕಿ ಹಣ ಕೊಡುವ ಮುನ್ನ ಸರಿಮಾಡಿಸಿಕೊಳ್ಳಬೇಕು.

ಹೀಗೆ ಮಾಡಿದ್ದನ್ನು ಕೆಡಿಸುವುದು ಹೆಚ್ಚಾಗಿ ಹೂವಿನ ಪಾತಿ. ಗೋಡೆಗೆ ಆನಿಸಿ ಇಟ್ಟಿಗೆ ಕಟ್ಟೆ ಕಟ್ಟಿ, ಮಣ್ಣು ತುಂಬಿ, ದಿನವೂ ನೀರುಣಿಸಿದರೆ ಮಳೆಯೇ ಬೇಡ. ಗಿಡಗಳನ್ನು ಕಾಂಪೌಂಡಿನ ಕಡೆಗೆ ಸರಿಸಿ, ಕಾಲುವೆಗೆ ದಾರಿ ಬಿಡಿ. ತಾರಸಿಯ ಪೈಪುಗಳನ್ನೂ ಗೋಡೆಯ ಬುಡದಲ್ಲಿ ಬಿಡದೆ, ಕೆಳಗೆ ಬಾಗು ಜೋಡಿಸಿ ಕಾಲುವೆಯವರೆಗೆ ಒಯ್ಯಬೇಕು.

ಕಲಬುರಗಿ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಇಷ್ಟೇ ಸಾಲದು. ಆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ನೆಲಗಟ್ಟಿನ ಇಳಿಜಾರು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಲ್ಲಿ ನೆಲಗಟ್ಟಿನ ಕೆಳಗಿನ ಎರೆಯನ್ನು ಒಂದಷ್ಟು ಆಳದವರೆಗೆ ತೆಗೆದು ಗರಸು ತುಂಬಿ ದಿಮ್ಮಿಸಬೇಕು. ಬೇಸಿಗೆಯಲ್ಲಿ ಗೋಡೆಯ ಪಕ್ಕ ತೆರೆದ ಬಿರುಕುಗಳನ್ನು ಮಳೆಗೆ ಮುಂಚೆ ಮುಚ್ಚಬೇಕು. ಹೆಂಚಿನ ಮಾಡಿನ ಮಲೆನಾಡು, ಕರಾವಳಿ ಮನೆಗಳಲ್ಲಿ ಕಾಲುವೆಯ ಜಾಗ ಕಾಂಪೌಂಡಲ್ಲ, ಮಾಡಿನ ಹನಿ ಬೀಳುವ ಗೆರೆ.

ಎಲ್ಲ ಕಡೆಗೂ ಒಂದು ಮಿತಿ ಇದೆ, ಅದು ರಸ್ತೆ. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸದು ಹಾಕಿದಾಗ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ. ನಮ್ಮ ಉದಾಹರಣೆಯ ಮನೆಯಲ್ಲಿ ಗೇಟಿನ ಮಟ್ಟ ಎರಡು ಇಂಚು ಏರಿಸಬೇಕಾಗಿ ಬಂದರೆ ಹಿಂದಿನ ಗೋಡೆಯ ಬುಡದಲ್ಲಿ ಉಳಿಯುವುದು 4¼ ಇಂಚು ಮಾತ್ರ. ಆ ಹಂತದಲ್ಲಿ ಇಳಿಜಾರಿನಿಂದ ಆಗುವ ಕೆಲಸವಿಲ್ಲ. ಗೇಟಿನ ಬಳಿ ಗುಂಡಿ ತೋಡಿ ನೀರು ಶೇಖರಿಸಿ ಮೋಟಾರಿನಿಂದ ಎತ್ತಿ ಹಾಕಬೇಕಾಗುತ್ತದೆ, ಬಿರುಮಳೆಯಲ್ಲಿ ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಇನ್ನೂ ಪಾಯದ ಹಂತದಲ್ಲಿರುವವರು ಮನೆಯ ನೆಲವನ್ನು ರಸ್ತೆಗಿಂತ ಒಂದೂವರೆ ಅಡಿಯ ಬದಲು ಎರಡೂವರೆ ಅಡಿ ಎತ್ತರಿಸಿಕೊಂಡರೆ, ಈ ಲೆಕ್ಕಕ್ಕೆ ಇನ್ನೂ ಹನ್ನೆರಡು ಇಂಚು ಕೈಯಲ್ಲಿ ಉಳಿಯುತ್ತದೆ.